ಓದುಗರ ಕಾಮೆಂಟು, ಇಮೇಲ್‌ಗಳಿಂದ ಹೊಸ ಬರಹ ಹೆಕ್ಕುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಬ್ಲಾಗ್ ಬರೆಯುವವರಲ್ಲಿ ಎರಡು ಥರದವರು ಈ ಕೆಲಸದಲ್ಲಿ ಎಡವುತ್ತಾರೆ. ಮೊದಲನೆಯವರು ಕಾಮೆಂಟು ಓದಿ, ಉತ್ತರ ಕೊಟ್ಟು, ಅಲ್ಲಿಗೇ ಮರೆತುಬಿಡುತ್ತಾರೆ. ಮುಂದಿನ ವಾರ ಏನು ಬರೆಯೋದು ಅಂತ ಮತ್ತೆ ತಲೆ ಕೆರೆದುಕೊಳ್ಳುತ್ತಾರೆ. ಎರಡನೆಯವರು ಬಂದ ಪ್ರಶ್ನೆಯನ್ನೇ ಎತ್ತಿ ಶೀರ್ಷಿಕೆ ಮಾಡಿ ಬರೆದುಬಿಡುತ್ತಾರೆ. ಅದನ್ನು ಓದಿದ ಮೇಲೂ ಜನ ಅದೇ ಪ್ರಶ್ನೆ ಕೇಳುತ್ತಲೇ ಇರುತ್ತಾರೆ.

ಕಾರಣ ಒಂದೇ. ಓದುಗರು ಕೇಳುವ ಪ್ರಶ್ನೆ ಒಂದಾದರೆ, ಅವರು ಸಿಕ್ಕಿಹಾಕಿಕೊಂಡಿರುವ ಜಾಗ ಇನ್ನೊಂದು. ಬರಹ ಹುಟ್ಟಬೇಕಾದದ್ದು ಆ ಸಿಕ್ಕಿಬಿದ್ದ ಜಾಗದಿಂದ. ಅದನ್ನು ಹುಡುಕುವ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಉದಾಹರಣೆಗೆ ಒಂದು ಕನ್ನಡ ಅಡುಗೆ ಬ್ಲಾಗ್ ತೆಗೆದುಕೊಳ್ಳೋಣ. ಅದರಲ್ಲಿ ‘ಮೆತ್ತನೆ ಇಡ್ಲಿ’ ಅಂತ ಒಂದು ಬರಹ ಇದೆ. ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ, ಒಂದು ಚಮಚ ಮೆಂತ್ಯ, ‘ರಾತ್ರಿಯಿಡೀ ಹುದುಗಲು ಬಿಡಿ’. ಇಷ್ಟೇ ಬರೆದಿದೆ. ಮುಂದೆ ಬರುವ ಓದುಗರ ಮಾತುಗಳನ್ನು ಉದಾಹರಣೆಗಾಗಿ ನಾನೇ ಬರೆದಿದ್ದೇನೆ. ಆದರೆ ಅಡುಗೆ ಬರೆಯುವ ಯಾರಿಗಾದರೂ ಇವು ಪರಿಚಯದವೇ.

## ಬೇಕಾಗುವ ಸಾಮಾನು

ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ, ನಿಮ್ಮ ಬ್ಲಾಗಿನ ಅಡ್ಮಿನ್ ಪುಟ, ನಿಮ್ಮ ಇಮೇಲ್. ಇಷ್ಟು ಸಾಕು. ದುಡ್ಡು ಕೊಟ್ಟು ಕೊಳ್ಳಬೇಕಾದ ಟೂಲ್ ಯಾವುದೂ ಇಲ್ಲ. ಕೆಲವು ನೂರು ಕಾಮೆಂಟುಗಳಿರುವ ಬ್ಲಾಗಾದರೆ ಒಂದೆರಡು ಸಂಜೆ ಕೂತರೆ ಮುಗಿಯುತ್ತದೆ.

ಹಾಳೆಯಲ್ಲಿ ಏಳು ಕಾಲಂ ಮಾಡಿ: ದಿನಾಂಕ, ಎಲ್ಲಿಂದ ಬಂತು, ಯಾವ ಬರಹದ ಮೇಲೆ, ಓದುಗರ ಮಾತು, ಸಿಕ್ಕಿಬಿದ್ದ ಜಾಗ, ಕಾರಣ, ಮುಂದಿನ ಕೆಲಸ. ಕೊನೆಯ ಮೂರನ್ನು ಸದ್ಯಕ್ಕೆ ಖಾಲಿ ಬಿಡಿ.

ಏನನ್ನೂ ತುಂಬುವ ಮೊದಲು ‘ಓದುಗರ ಮಾತು’ ಕಾಲಂ ಆಯ್ದುಕೊಂಡು `Format → Number → Plain text` ಒತ್ತಿ. ಇಲ್ಲದಿದ್ದರೆ `+` ಅಥವಾ `=` ಇಂದ ಶುರುವಾಗುವ ಕಾಮೆಂಟನ್ನು ಶೀಟ್ಸ್ ಲೆಕ್ಕ ಅಂದುಕೊಂಡು ಎರರ್ ತೋರಿಸುತ್ತದೆ. ಬರೀ ಅಂಕಿ ಇರುವ ಕಾಮೆಂಟು ಮುಂದೆ ನಾವು ಹಾಕುವ ಸೂತ್ರವನ್ನೂ ಕೆಡಿಸುತ್ತದೆ.

## ಹಂತ 1: ಮೊದಲು ಸ್ಪ್ಯಾಮ್ ಡಬ್ಬಿ ತೆರೆಯಿರಿ

ಎಲ್ಲರೂ ಇದನ್ನು ಕೊನೆಗೆ ಮಾಡುತ್ತಾರೆ, ಅಥವಾ ಮಾಡುವುದೇ ಇಲ್ಲ. ಆದರೆ ಇಲ್ಲಿ ಗಡುವು ಇದೆ. ಜಿಮೇಲ್ ತನ್ನ ಸ್ಪ್ಯಾಮ್ ಡಬ್ಬಿಯಲ್ಲಿರುವುದನ್ನು 30 ದಿನಕ್ಕೆ ಅಳಿಸಿಹಾಕುತ್ತದೆ. ಬ್ಲಾಗಿನ ಸ್ಪ್ಯಾಮ್ ಫಿಲ್ಟರ್‌ಗಳೂ ಸಾಮಾನ್ಯವಾಗಿ ಸ್ವಲ್ಪ ದಿನ ಇಟ್ಟುಕೊಂಡು ಆಮೇಲೆ ತೆಗೆದುಬಿಡುತ್ತವೆ. ಉಳಿದ ಕಾಮೆಂಟುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಆದ್ದರಿಂದ ಶುರು ಇಲ್ಲಿಂದಲೇ ಆಗಲಿ.

ಸ್ಪ್ಯಾಮಿನಲ್ಲಿ ನಿಜವಾದ ಪ್ರಶ್ನೆ ಸಿಕ್ಕರೆ `Not spam` ಒತ್ತಿ ಹೊರಗೆ ತನ್ನಿ. ಲಿಂಕ್ ಹಾಕಿ ಕೇಳಿದವರು, ಒಂದೇ ಸಾಲನ್ನು ಎರಡು ಸಲ ಕಳಿಸಿದವರು ಹೆಚ್ಚಾಗಿ ಇಲ್ಲಿ ಬಂದು ಬಿದ್ದಿರುತ್ತಾರೆ. ಒಪ್ಪಿಗೆಗೆ ಕಾಯುತ್ತಿರುವ ಕಾಮೆಂಟುಗಳನ್ನೂ, ಅಂದರೆ `Pending` ಪಟ್ಟಿಯನ್ನೂ, ಈಗಲೇ ನೋಡಿಬಿಡಿ.

## ಹಂತ 2: ಮಾತನ್ನು ಇದ್ದ ಹಾಗೇ ಹಾಳೆಗೆ ತನ್ನಿ

ಮೊದಲ ಸಲ ಕೈಯಿಂದಲೇ ಕಾಪಿ ಮಾಡಿ ಅಂತ ನಾನು ಹೇಳುತ್ತೇನೆ. ನಿಧಾನ ನಿಜ. ಆದರೆ ಕಾಪಿ ಮಾಡುವಾಗ ಪ್ರತಿಯೊಂದನ್ನೂ ಓದಲೇಬೇಕಾಗುತ್ತದೆ. ಈ ಕೆಲಸದಲ್ಲಿ ಅರ್ಧ ಪಾಲು ಆ ಓದೇ.

ಸಾವಿರಾರು ಕಾಮೆಂಟುಗಳಿದ್ದು, ವರ್ಡ್‌ಪ್ರೆಸ್ ನಿಮ್ಮ ಸ್ವಂತ ಹೋಸ್ಟಿಂಗ್‌ನಲ್ಲಿದ್ದರೆ phpMyAdmin ಎಂಬ ಡೇಟಾಬೇಸ್ ಟೂಲ್ ಮೂಲಕ ಒಟ್ಟಿಗೆ ಇಳಿಸಿಕೊಳ್ಳಬಹುದು. ಅದರ `SQL` ಪುಟದಲ್ಲಿ ಕೆಳಗಿನ ಆದೇಶ ಹಾಕಿ. ಇದು ಬರೀ ಓದುತ್ತದೆ, ಏನನ್ನೂ ಅಳಿಸುವುದಿಲ್ಲ.

```sql
SELECT comment_ID, comment_parent, comment_post_ID,
       comment_date, comment_content
FROM wp_comments
WHERE comment_approved IN ('0','1')
  AND comment_type IN ('', 'comment')
  AND user_id = 0
ORDER BY comment_post_ID, comment_date;
```

`user_id = 0` ಅಂತ ಹಾಕಿರುವುದು ಲಾಗಿನ್ ಆಗಿ ನೀವೇ ಕೊಟ್ಟ ಉತ್ತರಗಳನ್ನು ಬಿಡುವುದಕ್ಕೆ. `comment_parent` ಇದ್ದರೆ ಯಾರು ಯಾರಿಗೆ ಉತ್ತರಿಸಿದರು ಎಂಬುದು ತಿಳಿಯುತ್ತದೆ. ನಿಮ್ಮ ಟೇಬಲ್ಲಿನ ಹೆಸರು `wp_` ಬಿಟ್ಟು ಬೇರೆ ಅಕ್ಷರಗಳಿಂದ ಶುರುವಾಗುತ್ತಿದ್ದರೆ ಅದನ್ನು ಬದಲಾಯಿಸಿಕೊಳ್ಳಿ.

ಇಳಿಸಿದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರ ಕಾಣಿಸಬಹುದು. ಫೈಲ್ ಹಾಳಾಗಿಲ್ಲ, ಗಾಬರಿ ಬೇಡ. ಶೀಟ್ಸ್‌ನಲ್ಲಿ `File → Import` ಮೂಲಕ ಬೇರೊಂದು ಹಾಳೆಗೆ ತಂದರೆ ಸರಿಯಾಗುತ್ತದೆ. ಅಲ್ಲಿಂದ ದಿನಾಂಕ, ಮಾತು ಇವನ್ನು ನಮ್ಮ ಹಾಳೆಯ ಅದೇ ಹೆಸರಿನ ಕಾಲಂಗಳಿಗೆ ಕಾಪಿ ಮಾಡಿ.

ಇಮೇಲಿಗೆ ಬರೋಣ. ಜಿಮೇಲ್‌ನಲ್ಲಿ ಹೀಗೆ ಹುಡುಕಿದರೆ ಒಂದು ವರ್ಷದ ಪತ್ರಗಳು ಬರುತ್ತವೆ, ಜಾಹೀರಾತಿನ ಕಸ ಹೊರಗುಳಿಯುತ್ತದೆ:

```
newer_than:1y -from:me -category:promotions -category:social
```

ಬ್ಲಾಗಿನಲ್ಲಿ ಸಂಪರ್ಕ ಫಾರಂ ಇಟ್ಟಿದ್ದೀರಾ? ಹಾಗಾದರೆ ಒಂದು ತೊಡಕಿದೆ. ಫಾರಂನಿಂದ ಬರುವ ಪತ್ರಗಳೆಲ್ಲ ಹೆಚ್ಚಾಗಿ ಒಂದೇ ವಿಳಾಸದಿಂದ, ಒಂದೇ ವಿಷಯದ ಸಾಲಿನೊಂದಿಗೆ ಬರುತ್ತವೆ. ಬೇರೆ ಬೇರೆ ಜನರ ಪತ್ರಗಳನ್ನು ಜಿಮೇಲ್ ಒಂದೇ ಸರಪಳಿಯಲ್ಲಿ ಸೇರಿಸಿಬಿಡಬಹುದು. ಮೇಲಿನದೊಂದನ್ನು ಓದಿ ಮುಗಿಸಿದರೆ ಕೆಳಗೆ ಮಡಚಿಕೊಂಡಿರುವ ನಾಲ್ಕು ಹಾಗೇ ಉಳಿದುಹೋಗುತ್ತವೆ. `Settings` ಒಳಗೆ `General` ಪುಟದಲ್ಲಿ `Conversation view off` ಮಾಡಿ. ಕೆಲಸ ಮುಗಿದ ಮೇಲೆ ಬೇಕಿದ್ದರೆ ಮತ್ತೆ ಹಾಕಿಕೊಳ್ಳಿ.

ಹಾಳೆಗೆ ತರುವಾಗ ಎರಡು ನಿಯಮ. ಒಂದು, ಓದುಗರ ಮಾತನ್ನು ತಿದ್ದಬೇಡಿ. ಕಾಗುಣಿತ ತಪ್ಪಿದ್ದರೂ ಇರಲಿ, ಕಂಗ್ಲಿಷ್ ಆದರೂ ಇರಲಿ. ಎರಡು, ಹೆಸರು, ಫೋನ್ ನಂಬರ್, ಇಮೇಲ್ ವಿಳಾಸ ಹಾಳೆಗೆ ಬರಬಾರದು. ‘ಎಲ್ಲಿಂದ ಬಂತು’ ಕಾಲಂನಲ್ಲಿ ಕಾಮೆಂಟಿನ ಲಿಂಕ್ ಅಥವಾ ‘ಇಮೇಲ್, ಡಿಸೆಂಬರ್’ ಅಂತ ಇದ್ದರೆ ಸಾಕು. ನಾಳೆ ಈ ಹಾಳೆಯನ್ನು ಯಾರಿಗಾದರೂ ತೋರಿಸಬೇಕಾಗಿ ಬಂದರೆ ಮುಜುಗರ ಇರುವುದಿಲ್ಲ.

## ಹಂತ 3: ಪ್ರಶ್ನೆ ಚಿಹ್ನೆ ಹುಡುಕಬೇಡಿ

`?` ಇರುವ ಸಾಲುಗಳನ್ನಷ್ಟೇ ಹೆಕ್ಕುವುದು ಎಲ್ಲರೂ ಮಾಡುವ ತಪ್ಪು. ನಮ್ಮ ಓದುಗರು ಪ್ರಶ್ನೆ ಕೇಳುವ ರೀತಿಯೇ ಬೇರೆ. ಈ ಸಾಲುಗಳನ್ನು ನೋಡಿ:

ಅ) ‘ತುಂಬಾ ಚೆನ್ನಾಗಿ ಹೇಳಿದ್ದೀರಿ ಮೇಡಂ. ನಮ್ಮನೇಲಿ ಮಾತ್ರ ಹಿಟ್ಟು ಉಬ್ಬಲೇ ಇಲ್ಲ.’

ಆ) ‘ಅಳತೆ ಎಲ್ಲಾ ನೀವು ಹೇಳಿದ ಹಾಗೇ ಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ಹಿಟ್ಟು ಇಟ್ಟಲ್ಲೇ ಇದೆ.’

ಇ) ‘ಹಿಟ್ಟು ಚೆನ್ನಾಗಿ ಉಬ್ಬಿತ್ತು, ಆದ್ರೆ ಇಡ್ಲಿ ಕಲ್ಲು.’

ಈ) ‘ನಾವು ಜರ್ಮನಿಯಲ್ಲಿದ್ದೀವಿ. ಓವನ್ ಒಳಗೆ ಲೈಟ್ ಹಾಕಿ ಇಟ್ಟೆ, ಆದ್ರೂ ಹುಳಿ ಬರ್ಲಿಲ್ಲ.’

ಉ) ‘ಉಪ್ಪು ರುಬ್ಬುವಾಗಲೇ ಹಾಕಬೇಕಾ, ಬೆಳಿಗ್ಗೆ ಹಾಕಬೇಕಾ ತಿಳಿಸಿ.’

ಊ) ‘ಮಿಕ್ಸಿಯಲ್ಲಿ ರುಬ್ಬಿದರೆ ಆಗುತ್ತಾ ಅಕ್ಕಾ.’

ಋ) ‘ಹಿಟ್ಟಿನ ಮೇಲೆ ಗುಲಾಬಿ ಬಣ್ಣ ಬಂದಿದೆ. ಮೇಲಿಂದ ತೆಗೆದು ಬಳಸ್ತೀನಿ.’

ಒಂದರಲ್ಲೂ ಪ್ರಶ್ನೆ ಚಿಹ್ನೆ ಇಲ್ಲ. ಮೊದಲನೆಯದು ಹೊಗಳಿಕೆಯ ಹಾಗೆ ಕಾಣುತ್ತದೆ. ‘ಥ್ಯಾಂಕ್ಸ್’ ಅಂತ ಬರೆದು ಮುಂದೆ ಹೋಗುವುದು ಸುಲಭ. ಆದರೆ ಎರಡನೇ ವಾಕ್ಯದಲ್ಲಿ ಸೋಲಿನ ವರದಿ ಇದೆ. ಹೊಗಳಿಕೆಯ ಹಿಂದೆ ‘ಆದರೆ’, ‘ಮಾತ್ರ’, ‘ಆದ್ರೂ’ ಬಂದರೆ ಅಲ್ಲೇ ನಿಲ್ಲಿ. ಕೊನೆಯದಂತೂ ಪ್ರಶ್ನೆಯೂ ಅಲ್ಲ, ದೂರೂ ಅಲ್ಲ. ಆದರೆ ಏಳರಲ್ಲಿ ತುರ್ತಾಗಿ ನೋಡಬೇಕಾದದ್ದು ಅದೇ. ಅದರ ಮಾತು ಐದನೇ ಹಂತದಲ್ಲಿ.

ಹಾಳೆ ದೊಡ್ಡದಾದರೆ ಒಂದು ವಿಷಯದ ಮಾತುಗಳನ್ನು ಸೂತ್ರ ಹಾಕಿ ಒಟ್ಟಿಗೆ ತರಬಹುದು. ಹೊಸ ಹಾಳೆಯಲ್ಲಿ ಇದನ್ನು ಹಾಕಿ:

```
=FILTER(Sheet1!A2:G, REGEXMATCH(Sheet1!D2:D,
 "(?i)ಹುದುಗ|ಉಬ್ಬ|ಹುಳಿ|hudug|hudg|\bubb|ferment"))
```

ಇದರಲ್ಲಿ ಎರಡು ವಿಷಯ ಗಮನಿಸಿ. ನಾನು ‘ಹುದುಗು’ ಅಂತ ಹಾಕಿಲ್ಲ, ‘ಹುದುಗ’ ಅಂತ ಹಾಕಿದ್ದೇನೆ. ಕೊನೆಯ ಅಕ್ಷರಕ್ಕೆ ಕೊಂಬು, ಗುಡಿಸು ಏನೂ ಇಲ್ಲದಿದ್ದರೆ ಹುದುಗಲಿಲ್ಲ, ಹುದುಗಿಲ್ಲ, ಹುದುಗುತ್ತೆ ಎಲ್ಲವೂ ಸಿಗುತ್ತವೆ. ‘ಹುದುಗು’ ಅಂತ ಹಾಕಿದರೆ ‘ಹುದುಗಿಲ್ಲ’ ತಪ್ಪಿಹೋಗುತ್ತದೆ. ಕಂಪ್ಯೂಟರಿಗೆ ಕಾಗುಣಿತದ ಚಿಹ್ನೆ ಬೇರೆಯದೇ ಅಕ್ಷರ.

ಎರಡನೆಯದು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಬರೀ `ubb` ಅಂತ ಹುಡುಕಿದರೆ `rubbidde` ಕೂಡ ಬಂದು ಕೂರುತ್ತದೆ. ಇಡ್ಲಿ ಬರಹದ ಕೆಳಗೆ ರುಬ್ಬಿದವರು ಕಡಿಮೆಯೇ? ಅದಕ್ಕೇ ಮುಂದೆ `\b`. ಪದದ ಶುರುವಿನಲ್ಲಿದ್ದರೆ ಮಾತ್ರ ತೆಗೆದುಕೋ ಅಂತ ಅದರ ಅರ್ಥ.

ಇದೇ ಕೆಲಸವನ್ನು ಜಿಮೇಲ್‌ನ ಹುಡುಕು ಪಟ್ಟಿಯಲ್ಲಿ ಮಾಡಲು ಹೋಗಬೇಡಿ. ಅದು ಪದದ ತುಂಡನ್ನು ಹುಡುಕುವುದಿಲ್ಲ. ಇಡೀ ಪದ ಕೊಡಬೇಕು. ಪ್ರತ್ಯಯ ಅಂಟಿಕೊಳ್ಳುವ ನಮ್ಮ ಪದಗಳಿಗೆ ಅದು ಒಗ್ಗುವುದಿಲ್ಲ. ಪತ್ರಗಳನ್ನು ಹಾಳೆಗೆ ತಂದ ಮೇಲೆಯೇ ಹುಡುಕಿ.

ಸೂತ್ರ ಎಷ್ಟೇ ಚೆನ್ನಾಗಿದ್ದರೂ ಮೇಲಿನ ಆ) ಸಾಲನ್ನು ಅದು ಹಿಡಿಯುವುದಿಲ್ಲ. ‘ಹಿಟ್ಟು ಇಟ್ಟಲ್ಲೇ ಇದೆ’ ಅನ್ನುವುದರಲ್ಲಿ ಹುದುಗುವ ಪದವೇ ಇಲ್ಲ, ಅಲ್ವಾ? ಸೂತ್ರದ ಪಟ್ಟಿ ಮುಗಿದ ಮೇಲೆ ಉಳಿದ ಸಾಲುಗಳನ್ನು ಒಮ್ಮೆ ಕಣ್ಣಾಡಿಸಲೇಬೇಕು.

## ಹಂತ 4: ಸಿಕ್ಕಿಬಿದ್ದ ಜಾಗ ಗುರುತಿಸಿ

ಈಗ ಐದನೇ ಕಾಲಂ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ.

ಮೊದಲು ನಿಮ್ಮ ಹಳೆಯ ಬರಹದ ಕೆಲಸವನ್ನು ಘಟ್ಟಗಳಾಗಿ ಒಡೆಯಿರಿ. ಇಡ್ಲಿಗಾದರೆ: ನೆನೆಸುವುದು, ರುಬ್ಬುವುದು, ಕಲೆಸುವುದು, ಹುದುಗಿಸುವುದು, ಬೇಯಿಸುವುದು, ಉಳಿದ ಹಿಟ್ಟು ಇಡುವುದು. ಪ್ರತಿ ಕಾಮೆಂಟಿನ ಮುಂದೆ, ಓದುಗರು ಯಾವ ಘಟ್ಟದಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂದು ಬರೆಯಿರಿ.

ಅ) ಮತ್ತು ಇ) ಎರಡರಲ್ಲೂ ‘ಉಬ್ಬು’ ಇದೆ. ಸೂತ್ರ ಎರಡನ್ನೂ ಒಂದೇ ಕಡೆ ತಂದಿರುತ್ತದೆ. ಆದರೆ ಇ) ಬರೆದವರ ಹಿಟ್ಟು ಉಬ್ಬಿದೆ. ಅವರು ಬೇಯಿಸುವ ಘಟ್ಟದಲ್ಲಿದ್ದಾರೆ. ಉಬ್ಬಿದ ಹಿಟ್ಟನ್ನು ಜೋರಾಗಿ ಕಲಸಿ ಗಾಳಿ ಹೊರಗೆ ಬಿಟ್ಟರೋ, ಬೇಳೆ ಕಡಿಮೆಯಾಯಿತೋ, ಜಾಸ್ತಿ ಹೊತ್ತು ಬೇಯಿಸಿದರೋ ನೋಡಬೇಕು. ಇವರಿಗೆ ಚಳಿಯ ಉಪಾಯ ಹೇಳಿದರೆ ಏನೂ ಪ್ರಯೋಜನವಿಲ್ಲ. ಪದ ಒಂದೇ ಅಂತ ಒಂದೇ ಗುಂಪಿಗೆ ಹಾಕುವುದು ಈ ಹಂತದ ದೊಡ್ಡ ತಪ್ಪು.

ಊ) ನೋಡಿ. ‘ಮಿಕ್ಸಿಯಲ್ಲಿ ಆಗುತ್ತಾ’ ಅಂದರೆ ‘ಆಗುತ್ತೆ’ ಅಂತ ಒಂದು ಪದದಲ್ಲಿ ಉತ್ತರ ಕೊಟ್ಟು ಮುಗಿಸಬಹುದು. ಆದರೆ ಅವರಿಗೆ ಬೇಕಿರುವುದು ಆ ಉತ್ತರ ಇರಲಿಕ್ಕಿಲ್ಲ. ಮನೆಯಲ್ಲಿ ಗ್ರೈಂಡರ್ ಇಲ್ಲ. ಮಿಕ್ಸಿ ಬಿಸಿಯಾಗುತ್ತದೆ, ಹಿಟ್ಟೂ ಬಿಸಿಯಾಗುತ್ತದೆ, ಉದ್ದು ಹತ್ತಿಯಂತೆ ಹಗುರಾಗುವುದಿಲ್ಲ. ತಣ್ಣೀರು ಹಾಕಿ, ಸ್ವಲ್ಪ ಸ್ವಲ್ಪವೇ, ನಡುವೆ ನಿಲ್ಲಿಸಿ ರುಬ್ಬಬೇಕು. ‘ಆಗುತ್ತಾ, ಮಾಡಬಹುದಾ’ ಅಂತ ಅಪ್ಪಣೆ ಕೇಳುವ ಥರದ ಪ್ರಶ್ನೆಗಳು ಬಂದರೆ, ‘ಇವರ ಹತ್ತಿರ ಏನಿಲ್ಲ’ ಅಂತ ಯೋಚಿಸಿ. ಬರಹ ಅಲ್ಲಿರುತ್ತದೆ.

## ಹಂತ 5: ಕಾಯಬಾರದ್ದನ್ನು ಇವತ್ತೇ ತೆಗೆಯಿರಿ

ಋ) ಬರೆದವರು ಗುಲಾಬಿ ಬಣ್ಣ ಬಂದ ಹಿಟ್ಟನ್ನು ಬಳಸಲು ಹೊರಟಿದ್ದಾರೆ. ಗುಲಾಬಿ, ಕಿತ್ತಳೆ, ಹಸಿರು, ಕಪ್ಪು, ಯಾವ ಬಣ್ಣ ಬಂದರೂ ಆ ಹಿಟ್ಟನ್ನು ಪೂರ್ತಿ ಚೆಲ್ಲಬೇಕು. ಮೇಲಿನದು ತೆಗೆದರೆ ಸಾಲದು. ಇದನ್ನು ಮುಂದಿನ ತಿಂಗಳ ಬರಹಕ್ಕೆ ಅಂತ ಎತ್ತಿಡುವ ಹಾಗಿಲ್ಲ. ಈಗಲೇ ಉತ್ತರಿಸಿ, ಹಳೆಯ ಬರಹದಲ್ಲೂ ಹುದುಗಿಸುವ ಘಟ್ಟದ ಪಕ್ಕದಲ್ಲೇ ಒಂದು ಸಾಲು ಸೇರಿಸಿ.

ನಿಮ್ಮ ಬ್ಲಾಗ್ ಅಡುಗೆಯದಲ್ಲದಿದ್ದರೆ ನಿಮ್ಮ ಪಟ್ಟಿ ಬೇರೆ ಇರುತ್ತದೆ. ಔಷಧಿ, ಕರೆಂಟು, ಗ್ಯಾಸ್, ಕೊನೆಯ ದಿನಾಂಕವಿರುವ ಅರ್ಜಿ, ಹಣ ಕಳಿಸುವ ವಿಷಯ. ಇಂಥವು ಕಂಡರೆ ಹಾಳೆ ಪಕ್ಕಕ್ಕಿಟ್ಟು ಮೊದಲು ಉತ್ತರ ಕೊಡಿ.

## ಹಂತ 6: ತಿರುಗಿ ಎರಡು ಪ್ರಶ್ನೆ ಕೇಳಿ

ಅ) ಮತ್ತು ಆ) ಸಾಲುಗಳಿಂದ ಬರಹ ಬರೆಯಲು ಸಾಧ್ಯವಿಲ್ಲ. ‘ಉಬ್ಬಲಿಲ್ಲ’ ಅನ್ನುವುದಕ್ಕೆ ಹತ್ತು ಕಾರಣ ಇರಬಹುದು. ಹೆಚ್ಚಿನವರು ಇಲ್ಲಿ ಊಹೆಯಿಂದ ಹತ್ತೂ ಕಾರಣ ಪಟ್ಟಿ ಮಾಡಿ ಬರೆಯುತ್ತಾರೆ. ಓದುಗರಿಗೆ ಅದರಲ್ಲಿ ತಮ್ಮದು ಯಾವುದು ಅಂತ ತಿಳಿಯುವುದಿಲ್ಲ.

ಅದರ ಬದಲು ಓದುಗರನ್ನೇ ಕೇಳಿ. ಆದರೆ ‘ಸ್ವಲ್ಪ ವಿವರವಾಗಿ ತಿಳಿಸಿ’ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಅವರಿಗೆ ಏನು ತಿಳಿಸಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಎರಡೇ ಪ್ರಶ್ನೆ ಇರಲಿ. ಫೋನಿನಲ್ಲಿ ಒಂದು ಸಾಲಿನಲ್ಲಿ ಉತ್ತರಿಸುವಂತಿರಲಿ. ನೆನಪಿನಿಂದಲೇ ಹೇಳುವಂತಿರಲಿ. ಹೀಗೆ:

‘ಅಯ್ಯೋ, ಬೇಸರ ಆಗಿರುತ್ತೆ. ಎರಡು ವಿಷಯ ಹೇಳ್ತೀರಾ? ರಾತ್ರಿ ಎಷ್ಟು ಗಂಟೆಗೆ ಇಟ್ಟು ಬೆಳಿಗ್ಗೆ ಎಷ್ಟು ಗಂಟೆಗೆ ನೋಡಿದಿರಿ? ಹಿಟ್ಟು ಮುಟ್ಟಿದರೆ ತಣ್ಣಗಿತ್ತಾ?’

ಬರುವ ಉತ್ತರಗಳು ಹೀಗಿರಬಹುದು. ಆ) ಬರೆದವರು ‘ಹತ್ತಕ್ಕೆ ಇಟ್ಟೆ, ಆರಕ್ಕೆ ನೋಡಿದೆ, ತಣ್ಣಗಿತ್ತು, ಬೆಂಗಳೂರು’ ಅನ್ನುತ್ತಾರೆ. ಈಗ ಕಾರಣ ಸ್ಪಷ್ಟ. ಹಿಟ್ಟು ಸಲೀಸಾಗಿ ಹುದುಗಲು ಸುಮಾರು 28ರಿಂದ 32 ಡಿಗ್ರಿ ಬಿಸಿ ಬೇಕು. ಹಾಗಿದ್ದರೆ ಎಂಟು, ಹತ್ತು ಗಂಟೆ ಸಾಕು. ಡಿಸೆಂಬರಿನಲ್ಲಿ ಬೆಂಗಳೂರಿನ ರಾತ್ರಿ ಹದಿನೈದು, ಹದಿನಾರು ಡಿಗ್ರಿಗೆ ಇಳಿಯುತ್ತದೆ. ಆಗ ಎಂಟು ಗಂಟೆ ಎಲ್ಲಿ ಸಾಲುತ್ತದೆ? ತಪ್ಪು ಅವರದಲ್ಲ. ‘ರಾತ್ರಿಯಿಡೀ’ ಅಂತ ಬರೆದ ಬರಹದ್ದು.

ಈ) ಬರೆದವರನ್ನು ಬೇರೆ ಪ್ರಶ್ನೆ ಕೇಳಬೇಕು. ‘ಓವನ್ ಲೈಟ್ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಒಳಗೆ ಕೈ ಇಟ್ಟರೆ ಬೆಚ್ಚಗಿತ್ತಾ?’ ಹಳೆಯ ಥರದ ಬಲ್ಬ್ ಬಿಸಿ ಕೊಡುತ್ತದೆ. ಎಲ್‌ಇಡಿ ಆದರೆ ಬೆಳಕು ಮಾತ್ರ, ಬಿಸಿ ಇಲ್ಲದ ಹಾಗೇ. ‘ಓವನ್ ಲೈಟ್ ಹಾಕಿಡಿ’ ಅನ್ನುವ ಸಲಹೆ ಕೇಳಿ ಮಾಡಿದವರಲ್ಲಿ ಕೆಲವರಿಗೆ ಯಾಕೆ ಆಗುವುದಿಲ್ಲ ಅನ್ನುವುದು ಇಂಥ ಒಂದು ಉತ್ತರದಿಂದ ಹೊರಗೆ ಬರುತ್ತದೆ. ಮನೆಯಲ್ಲಿ ಕೂತು ಯೋಚಿಸಿದರೆ ಹೊಳೆಯುವ ವಿಷಯವಲ್ಲ ಇದು.

ಎಚ್ಚರಿಕೆಯ ಗುರುತು: ನಿಮ್ಮ ತಿರುಗು ಪ್ರಶ್ನೆಗೆ ಯಾರೂ ಉತ್ತರಿಸುತ್ತಿಲ್ಲ ಅಂದರೆ ಎರಡು ಕಾರಣ ಇರಬಹುದು. ಪ್ರಶ್ನೆ ಕಷ್ಟದ್ದಾಗಿರಬಹುದು. ಅಥವಾ ನೀವು ಉತ್ತರಿಸಿದ್ದು ಅವರಿಗೆ ತಿಳಿದೇ ಇಲ್ಲ. ಎಲ್ಲ ಬ್ಲಾಗುಗಳೂ ಕಾಮೆಂಟು ಹಾಕಿದವರಿಗೆ ಇಮೇಲ್ ಕಳಿಸುವುದಿಲ್ಲ. ಇನ್ನೊಂದು ಇಮೇಲ್ ವಿಳಾಸದಿಂದ ನೀವೇ ಒಂದು ಕಾಮೆಂಟು ಹಾಕಿ, ಅದಕ್ಕೆ ಉತ್ತರಿಸಿ, ಪತ್ರ ಬರುತ್ತದಾ ನೋಡಿ. ಬರದಿದ್ದರೆ ಮುಖ್ಯವಾದವರಿಗೆ ನೇರವಾಗಿ ಇಮೇಲ್ ಬರೆಯಿರಿ.

## ಹಂತ 7: ಕಾರಣದ ಮೇಲೆ ಗುಂಪು ಮಾಡಿ, ತಿಂಗಳು ನೋಡಿ

ಆರನೇ ಕಾಲಂನಲ್ಲಿ ಈಗ ಕಾರಣ ತುಂಬಿ. ‘ಚಳಿ, ಹೊತ್ತು ಸಾಲದು’, ‘ಮಿಕ್ಸಿಯ ಬಿಸಿ’, ‘ಉಬ್ಬಿದ ಮೇಲೆ ಜಾಸ್ತಿ ಕಲಸಿದ್ದು’, ಹೀಗೆ. ನಂತರ ಈ ಕಾಲಂ ಪ್ರಕಾರ ಹಾಳೆಯನ್ನು ಜೋಡಿಸಿ. ಗುಂಪುಗಳು ತಾವೇ ಕಾಣುತ್ತವೆ.

ಎಣಿಸುವಾಗ ಕಾಮೆಂಟು ಎಣಿಸಬೇಡಿ, ಜನರನ್ನು ಎಣಿಸಿ. ಒಬ್ಬರೇ ಮೂರು ಸಲ ಕೇಳಿದ್ದರೆ ಅದು ಒಂದೇ. ಬೇರೆ ಬೇರೆ ತಿಂಗಳಲ್ಲಿ, ಒಬ್ಬರನ್ನೊಬ್ಬರು ನೋಡದೆ ಮೂರು ಜನ ಒಂದೇ ಕಡೆ ಸಿಕ್ಕಿಬಿದ್ದಿದ್ದರೆ ನನ್ನ ಲೆಕ್ಕದಲ್ಲಿ ಒಂದು ಬರಹಕ್ಕೆ ಅದು ಸಾಕು. ಕೇಳುವ ಒಬ್ಬರ ಹಿಂದೆ ಸುಮ್ನೆ ಪುಟ ಮುಚ್ಚಿ ಹೋದವರು ಎಷ್ಟೋ ಮಂದಿ ಇರುತ್ತಾರೆ.

ಒಂದು ಕಾಮೆಂಟಿನ ಕೆಳಗೆ ‘ನನಗೂ ಹಾಗೇ ಆಯ್ತು’ ಅಂತ ಐದು ಜನ ಬರೆದಿದ್ದರೆ ಸ್ವಲ್ಪ ಅನುಮಾನದಿಂದ ನೋಡಿ. ಮೊದಲನೆಯವರ ಮಾತು ಓದಿ ಉಳಿದವರು ತಮ್ಮದೂ ಅದೇ ಅಂದುಕೊಂಡಿರಬಹುದು. ಅವರಿಗೂ ಅದೇ ಎರಡು ಪ್ರಶ್ನೆ ಕೇಳಿ.

ಇನ್ನೊಂದು ಕಾಲಂ ಸೇರಿಸಿ, ಅದರಲ್ಲಿ `=MONTH(A2)` ಹಾಕಿ ಕೆಳಗೆ ಎಳೆಯಿರಿ. ವರ್ಷ ಬಿಟ್ಟು ತಿಂಗಳಿನ ಪ್ರಕಾರ ಜೋಡಿಸಿ. ‘ಉಬ್ಬಲಿಲ್ಲ’ ಗುಂಪು ನವೆಂಬರಿನಿಂದ ಫೆಬ್ರವರಿಯೊಳಗೆ ಒತ್ತಾಗಿ ಕೂತಿದ್ದರೆ ನಿಮ್ಮ ಊಹೆಗೆ ಬಲ ಬಂತು. ಏಪ್ರಿಲಿನಲ್ಲೂ ಅಷ್ಟೇ ಬಂದಿದ್ದರೆ ಚಳಿಯೊಂದೇ ಕಾರಣವಲ್ಲ. ಹಳೆಯ ಬೇಳೆ, ಅಳತೆ, ರುಬ್ಬುವ ರೀತಿ ನೋಡಬೇಕಾಗುತ್ತದೆ. ಬರಹ ಯಾವಾಗ ಹಾಕಬೇಕು ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಚಳಿಯ ಬರಹ ದೀಪಾವಳಿಯ ಹೊತ್ತಿಗೆ ತಯಾರಿರಬೇಕು. ಸಂಕ್ರಾಂತಿಗೆ ಹಾಕಿದರೆ ಆ ವರ್ಷಕ್ಕೆ ತಡವಾಯಿತು.

## ಹಂತ 8: ಹೊಸ ಬರಹವೋ, ಹಳೆಯದರ ರಿಪೇರಿಯೋ

ಪ್ರತಿ ಗುಂಪಿನ ಮುಂದೆ ಕೊನೆಯ ಕಾಲಂ ತುಂಬಿ. ನಾನು ನೋಡುವುದು ಎರಡೇ: ಉತ್ತರ ಎಷ್ಟು ಉದ್ದ, ಅದು ಯಾರಿಗೆ ಬೇಕು.

ಉಪ್ಪಿನ ಪ್ರಶ್ನೆ, ಅಂದರೆ ಉ), ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಸೆಕೆಯಲ್ಲಿ ಬೆಳಿಗ್ಗೆ ಹಾಕಿದರೆ ಹಿಟ್ಟು ಅತಿಯಾಗಿ ಹುಳಿಯಾಗುತ್ತದೆ ಅಂತ ಕೆಲವರು ರಾತ್ರಿಯೇ ಹಾಕುತ್ತಾರೆ, ಎರಡೂ ನಡೆಯುತ್ತದೆ. ಇಡ್ಲಿ ಮಾಡುವ ಎಲ್ಲರಿಗೂ ಇದು ಬೇಕು. ಆದ್ದರಿಂದ ಹಳೆಯ ಬರಹದಲ್ಲಿ ಕಲೆಸುವ ಘಟ್ಟದಲ್ಲೇ ಸೇರಿಸಿ. ಇದನ್ನು ಹಿಗ್ಗಿಸಿ ಹೊಸ ಪುಟ ಮಾಡಿದರೆ ಓದುಗರು ಒಂದು ಸಾಲಿಗಾಗಿ ಇಡೀ ಪುಟ ಓದಬೇಕಾಗುತ್ತದೆ. ಇಂಥ ಪುಟಗಳು ಹೆಚ್ಚಾದರೆ ಅವರಿಗೆ ಬೇಸರ ಬಂದುಬಿಡುತ್ತದೆ.

ಚಳಿಯ ವಿಷಯ ಹಾಗಲ್ಲ. ಉತ್ತರ ಉದ್ದ, ಮಾಡುವ ಕ್ರಮವೇ ಬೇರೆ, ಎಲ್ಲರಿಗೂ ಬೇಕಾಗಿಲ್ಲ. ಮಂಗಳೂರಿನವರಿಗೆ ಅದು ಅಡ್ಡಿ. ಇದು ಹೊಸ ಬರಹ. ಮಿಕ್ಸಿಯದೂ ಹೊಸ ಬರಹವೇ. ಆದರೆ ‘ರಾತ್ರಿಯಿಡೀ’ ಅನ್ನುವ ಹಳೆಯ ಸಾಲನ್ನೂ ತಿದ್ದಬೇಕು. ಗಂಟೆಯ ಬದಲು ಗುರುತು ಕೊಡಿ: ಹಿಟ್ಟು ಹೆಚ್ಚುಕಡಿಮೆ ಎರಡರಷ್ಟಾಗಿ, ಚಮಚ ಹಾಕಿದರೆ ಒಳಗೆ ಗುಳ್ಳೆ ಕಾಣಬೇಕು. ಎಷ್ಟೋ ಕಾಮೆಂಟುಗಳಿಗೆ ಈ ಒಂದು ತಿದ್ದುಪಡಿಯೇ ಮದ್ದು. ಹೊಸ ಬರಹದ ಖುಷಿಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಒಬ್ಬರೇ ಕೇಳಿದ್ದು, ಅಪಾಯವೂ ಇಲ್ಲ ಅಂದರೆ ಅವರಿಗೆ ಉತ್ತರ ಕೊಟ್ಟು ಸಾಲನ್ನು ಹಾಳೆಯಲ್ಲೇ ಬಿಡಿ. ಇನ್ನಿಬ್ಬರು ಬರಲಿ.

ಎಲ್ಲವನ್ನೂ ಸೇರಿಸಿ ‘ಓದುಗರ ಇಪ್ಪತ್ತು ಪ್ರಶ್ನೆಗಳು’ ಅಂತ ಒಂದು ಪುಟ ಮಾಡುವ ಆಸೆ ಬರುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಹಿಟ್ಟು ಉಬ್ಬದೆ ಕೂತವರು ಹದಿನೇಳನೇ ಪ್ರಶ್ನೆಯವರೆಗೆ ಓದುವುದಿಲ್ಲ.

## ಹಂತ 9: ಓದುಗರು ಬರುವ ಹೊತ್ತನ್ನು ನೋಡಿ ಬರಹ ಜೋಡಿಸಿ

ಚಳಿಯ ಬರಹವನ್ನು ಓದುಗರು ಯಾವಾಗ ತೆರೆಯುತ್ತಾರೆ? ಬೆಳಿಗ್ಗೆ ಆರೂವರೆಗೆ. ಹಿಟ್ಟು ಉಬ್ಬಿಲ್ಲ, ಮಕ್ಕಳ ಡಬ್ಬಿ ಕಟ್ಟಬೇಕು. ಆಗ ಅವರಿಗೆ ಹುದುಗುವಿಕೆಯ ವಿಜ್ಞಾನ ಬೇಡ.

ಆದ್ದರಿಂದ ಮೊದಲು ‘ಈಗ ಏನು ಮಾಡೋದು’. ಇವತ್ತಿಗೆ ಅದೇ ಹಿಟ್ಟಿನಲ್ಲಿ ದೋಸೆ ಹುಯ್ಯಿರಿ, ಉಳಿದದ್ದನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಇನ್ನೂ ನಾಲ್ಕೈದು ಗಂಟೆ ಬಿಡಿ. ಆಮೇಲೆ ‘ನಿಮ್ಮದು ಚಳಿಯ ತೊಂದರೆಯೇ ಅಂತ ತಿಳಿಯುವುದು ಹೇಗೆ’. ಇಲ್ಲಿ ನೀವು ಕಾಮೆಂಟಿನಲ್ಲಿ ಕೇಳಿದ ಎರಡು ಪ್ರಶ್ನೆಗಳೇ ಬರುತ್ತವೆ. ಕೊನೆಗೆ ‘ಮುಂದಿನ ಸಲ’: ಸಂಜೆ ಆರಕ್ಕೇ ರುಬ್ಬಿಡುವುದು, ಪಾತ್ರೆಗೆ ಕಂಬಳಿ ಸುತ್ತುವುದು, ಎಲ್‌ಇಡಿ ಓವನ್ ಇದ್ದವರು ಒಳಗೆ ಒಂದು ಪಾತ್ರೆ ಬಿಸಿನೀರು ಇಡುವುದು.

ಶೀರ್ಷಿಕೆಗೆ ಹಾಳೆಯ ನಾಲ್ಕನೇ ಕಾಲಂ ನೋಡಿ. ಜನ ‘ಹಿಟ್ಟು ಉಬ್ಬಲಿಲ್ಲ’ ಅಂದಿದ್ದಾರೆ. ಶೀರ್ಷಿಕೆಯೂ ‘ಚಳಿಗೆ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲವೇ?’ ಅಂತಲೇ ಇರಲಿ. ಗೂಗಲ್‌ನಲ್ಲಿ ಹುಡುಕುವವರೂ ಹಾಗೇ ಹುಡುಕುತ್ತಾರಾ ಅಂತ ನೋಡಬೇಕಿದ್ದರೆ ಸರ್ಚ್ ಕನ್ಸೋಲ್‌ನ `Performance` ಪುಟದಲ್ಲಿ ಹಳೆಯ ಇಡ್ಲಿ ಬರಹವನ್ನು ಆಯ್ದು `Queries` ಓದಿ. ಅಲ್ಲಿ 16 ತಿಂಗಳವರೆಗಿನ ಹುಡುಕಾಟ ಸಿಗುತ್ತದೆ.

ಓದುಗರ ಮಾತನ್ನು ಬರಹದಲ್ಲಿ ಬಳಸುವಾಗ ಹೆಸರು, ಊರು ಬಿಡಿ. ಇಮೇಲ್ ನಿಮಗೊಬ್ಬರಿಗೆ ಬರೆದದ್ದು. ಅದರ ಸಾಲನ್ನೋ ಫೋಟೋವನ್ನೋ ಹಾಕುವುದಾದರೆ ಕೇಳಿಯೇ ಹಾಕಿ. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ.

## ಹಂತ 10: ಕೇಳಿದವರ ಹತ್ತಿರ ವಾಪಸ್ ಹೋಗಿ

ಬರಹ ಹಾಕಿದ ದಿನವೇ ಹಾಳೆ ತೆರೆದು, ಆ ಗುಂಪಿನಲ್ಲಿರುವ ಪ್ರತಿಯೊಬ್ಬರಿಗೂ ಅವರ ಕಾಮೆಂಟಿನ ಕೆಳಗೇ ಉತ್ತರಿಸಿ ಲಿಂಕ್ ಕೊಡಿ. ಬರೀ ಲಿಂಕ್ ಬೇಡ. ‘ನಿಮ್ಮದು ಎಂಟು ಗಂಟೆ ಸಾಲದೆ ಆಗಿದ್ದು, ಮೂರನೇ ಭಾಗ ನೋಡಿ’ ಅಂತ ಒಂದು ಸಾಲು ಇರಲಿ. ಹಳೆಯ ಬರಹದಲ್ಲಿ ಲಿಂಕನ್ನು ಪುಟದ ಕೊನೆಗೆ ಹಾಕದೆ, ‘ಹುದುಗಲು ಬಿಡಿ’ ಅನ್ನುವ ಸಾಲಿನ ಪಕ್ಕದಲ್ಲೇ ಹಾಕಿ.

ಮುಂದಿನ ಚಳಿಯಲ್ಲಿ ಬರುವ ಕಾಮೆಂಟುಗಳಿಂದ ಕೆಲಸ ಆಯಿತೋ ಇಲ್ಲವೋ ತಿಳಿಯುತ್ತದೆ. ಹಳೆಯ ಪುಟದಲ್ಲೇ ಮತ್ತೆ ‘ಉಬ್ಬಲಿಲ್ಲ’ ಬರುತ್ತಿದ್ದರೆ ಲಿಂಕ್ ಕಣ್ಣಿಗೆ ಬೀಳುತ್ತಿಲ್ಲ, ಜಾಗ ಬದಲಾಯಿಸಿ. ಹೊಸ ಪುಟದಲ್ಲೇ ‘ಓದಿದೆ, ಆದ್ರೂ ಉಬ್ಬಲಿಲ್ಲ’ ಅಂತ ಬಂದರೆ ನಿಮ್ಮ ಗುಂಪಿನಲ್ಲಿ ಇನ್ನೊಂದು ಕಾರಣ ಬೆರೆತಿದೆ, ಆರನೇ ಹಂತಕ್ಕೆ ವಾಪಸ್ ಹೋಗಿ. ‘ಉಬ್ಬಿತು, ಆದ್ರೆ ಈಗ ತುಂಬಾ ಹುಳಿ’ ಅಂತ ಬಂದರೆ ಜನ ಮುಂದಿನ ಘಟ್ಟಕ್ಕೆ ದಾಟಿದ್ದಾರೆ. ಆ ಸಾಲನ್ನು ಹಾಳೆಗೆ ಸೇರಿಸಿ, ಎಷ್ಟು ಗಂಟೆಗೆ ಇಟ್ಟಿರಿ, ಎಷ್ಟಕ್ಕೆ ನೋಡಿದಿರಿ ಅಂತ ಕೇಳಿ.